ಎಂಟು ವಾರದಲ್ಲಿ ಎಷ್ಟು ಇಳಿಯುತ್ತೆ? ನಮ್ಮಕ್ಕನ ಬ್ಲೌಸಿನ ಲೆಕ್ಕ

ಮದುವೆ ಮನೆಯಲ್ಲಿ ತೂಕದ ಮಾತು ಶುರುವಾಗುವುದು ಬಟ್ಟೆ ತೆಗೆಯುವ ಹೊತ್ತಿಗೆ. ನಮ್ಮ ತಮ್ಮನ ಮದುವೆ ಗೊತ್ತಾಗಿ, ಶಿರಾದಲ್ಲಿ ಚೌಟ್ರಿಗೆ ಅಡ್ವಾನ್ಸ್ ಕೊಟ್ಟು ಬಂದಾಗ ಮುಹೂರ್ತಕ್ಕೆ ಸರಿಯಾಗಿ ಎಂಟು ವಾರ ಉಳಿದಿತ್ತು. ಅಕ್ಕ ಅವತ್ತೇ ಹೇಳಿದಳು, "ಈ ಸಲ ಹತ್ತು ಕೆಜಿ ಇಳಿಸ್ತೀನಿ ನೋಡು."

ಅಕ್ಕ ನಮ್ಮೂರಲ್ಲೇ ಎರಡು ಬೀದಿ ಆಚೆ ಇರುವವಳು. ಮೂವತ್ತಾರು ವರ್ಷ, ಇಬ್ಬರು ಮಕ್ಕಳು, ಎರಡು ಹಸು. ಎತ್ತರ ಐದು ಅಡಿ ಒಂದು ಇಂಚು, ತೂಕ 72 ಕೆಜಿ ಮೇಲೆ. ಅವಳು ಹಟಕ್ಕೆ ಬಿದ್ದದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ನಿಶ್ಚಿತಾರ್ಥದ ದಿನ ಹೆಣ್ಣಿನ ಕಡೆಯ ಹೆಂಗಸೊಬ್ಬರು, "ಇವರು ಹುಡುಗನ ಚಿಕ್ಕಮ್ಮಾನಾ?" ಅಂತ ಕೇಳಿದ್ದರು. ತಮ್ಮನಿಗೂ ಅಕ್ಕನಿಗೂ ಇರುವುದು ಒಂಬತ್ತೇ ವರ್ಷದ ಅಂತರ. ಅವತ್ತಿನ ಒಂದು ಫೋಟೋದಲ್ಲೂ ಅಕ್ಕ ಮುಂದಿನ ಸಾಲಿನಲ್ಲಿ ಇಲ್ಲ.

ಹಾಗಾಗಿ ಹತ್ತು ಕೆಜಿ. ದಾರಿಯೂ ಅವಳ ಮೊಬೈಲಿನಲ್ಲೇ ಸಿಕ್ಕಿತ್ತು. ಬೆಳಿಗ್ಗೆ ನಿಂಬೆಹಣ್ಣು ಜೇನುತುಪ್ಪದ ನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಒಂದು ಲೋಟ ಮಜ್ಜಿಗೆ. ವೀಡಿಯೊದಲ್ಲಿ ಹೇಳಿದವರಿಗೆ ಹಸು ಇಲ್ಲ, ಅವರು ಬೆಳಗಿನ ಜಾವ ಎದ್ದು ಹುಲ್ಲಿನ ಹೊರೆ ಹೊರಬೇಕಾಗಿಲ್ಲ ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ನಾನು ಅಕ್ಕನ ಜೊತೆ ಒಂದು ಹಳೆ ನೋಟ್‌ಬುಕ್ ಹಿಡಿದು ಕೂತೆ. ಬೇಡ ಅಂತ ಹೇಳಲಿಲ್ಲ. ಮೊದಲು ಹತ್ತು ಕೆಜಿಗೆ ಏನು ಬೇಕಾಗುತ್ತೆ ಅಂತ ಲೆಕ್ಕ ಹಾಕಿದೆವು.

ಊಟದಿಂದ ಸಿಗುವ ಶಕ್ತಿಯನ್ನೂ ಮೈ ಖರ್ಚು ಮಾಡುವ ಶಕ್ತಿಯನ್ನೂ ಅಳೆಯುವುದು ಕ್ಯಾಲರಿ ಲೆಕ್ಕದಲ್ಲಿ. ಮೈಯಲ್ಲಿರುವ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಕೂತಿರುತ್ತದೆ. ಹತ್ತು ಕೆಜಿಗೆ 77,000. ಅದನ್ನು 56 ದಿನಕ್ಕೆ ಹಂಚಿದರೆ ದಿನಕ್ಕೆ 1,375 ಕಡಿಮೆ ಬೀಳಬೇಕು. ಅಕ್ಕನ ಮೈ ಇಡೀ ದಿನಕ್ಕೆ, ಹಸು ಕೆಲಸ ಮನೆ ಕೆಲಸ ಎಲ್ಲ ಸೇರಿ, ಖರ್ಚು ಮಾಡುವುದು ಹೆಚ್ಚುಕಡಿಮೆ 2,000. ಅಂದರೆ ಅವಳಿಗೆ ತಿನ್ನಲು ಉಳಿಯುವುದು ಆರುನೂರು ಚಿಲ್ಲರೆ. ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಗೇ ಸುಮಾರು 320 ಆಗುತ್ತದೆ. ಎರಡು ಮುದ್ದೆ ನುಂಗಿದರೆ ಅವತ್ತಿನ ಊಟ ಮುಗಿಯಿತು. ಸಾರಿಲ್ಲ, ಹಾಲಿಲ್ಲ, ಕಾಳಿಲ್ಲ. ಹೀಗೆ ಎಂಟು ವಾರ.

"ಆಗಲ್ಲ ಬಿಡು," ಅಂದಳು ಅಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಎಷ್ಟು ಆಗುತ್ತೆ?" ಅಂತ ಕೇಳಿದಳು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದವರ ಊಟದ ಬಗ್ಗೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ವಾರಕ್ಕೆ ಅರ್ಧ ಕೆಜಿ ಇಳಿಸುವುದು ಸುರಕ್ಷಿತ ಅನ್ನುತ್ತದೆ. ದಿನಕ್ಕೆ ಸಾವಿರ ಕ್ಯಾಲರಿಗಿಂತ ಕೆಳಗಿನ ಊಟ ಬೇಡ ಅಂತಲೂ ಹೇಳುತ್ತದೆ. ಎಂಟು ವಾರಕ್ಕೆ ಅರ್ಧರ್ಧ ಕೆಜಿ ಅಂದರೆ ನಾಲ್ಕು ಕೆಜಿ. ನಡುವೆ ಯುಗಾದಿ, ಹೊಸತೊಡಕು, ಎರಡು ಕಡೆ ದೇವರ ಕಾರ್ಯ, ಕೊನೆಯ ವಾರ ಮನೆ ತುಂಬ ನೆಂಟರು. ಹಾಗಾಗಿ ನಾವು ನೋಟ್‌ಬುಕ್ಕಿನಲ್ಲಿ ಬರೆದದ್ದು "ಮೂರರಿಂದ ನಾಲ್ಕು ಕೆಜಿ, ಸೊಂಟ ಒಂದೂವರೆ ಇಂಚು" ಅಂತ. ಅಕ್ಕನಿಗೆ ಇದು ಬಹಳ ಕಡಿಮೆ ಅನ್ನಿಸಿತು. ಆದರೆ ಬ್ಲೌಸಿನಲ್ಲಿ ಒಂದೂವರೆ ಇಂಚು ಅಂದರೆ ಏನು ಅಂತ ಹೊಲಿಗೆ ಗೊತ್ತಿರುವವರನ್ನು ಕೇಳಿ. ಹುಕ್ಕು ಎಳೆದು ಹಾಕುವುದಕ್ಕೂ ಸಲೀಸಾಗಿ ಹಾಕುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಉಪವಾಸದ ದಾರಿಯಲ್ಲಿ ಬೇಗ ಇಳಿಯುವುದಿಲ್ಲವೇ ಅಂದರೆ, ಇಳಿಯುತ್ತದೆ. ಮೋಸ ಇರುವುದು ಇಳಿದದ್ದು ಏನು ಅನ್ನುವುದರಲ್ಲಿ. ನಾವು ತಿಂದ ಅನ್ನ ಮುದ್ದೆಯ ಒಂದು ಪಾಲನ್ನು ಮೈ ಲಿವರಿನಲ್ಲಿ, ಮಾಂಸಖಂಡಗಳಲ್ಲಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರುತ್ತದೆ. ಅದು ಅರ್ಧ ಕೆಜಿಯ ಆಸುಪಾಸು ಇರಬಹುದು. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ನಿಲ್ಲಿಸಿದ ಮೂರ್ನಾಲ್ಕು ದಿನದಲ್ಲಿ ಆ ದಾಸ್ತಾನು ಕರಗಿ ನೀರೂ ಹೋಗುತ್ತದೆ. ತಕ್ಕಡಿಯ ಮೇಲೆ ನಿಂತರೆ ಎರಡು ಕೆಜಿ ಕಮ್ಮಿ! ವೀಡಿಯೊದವರು ತೋರಿಸುವುದು ಇದನ್ನೇ. ಒಂದು ದಿನ ಹೊಟ್ಟೆ ತುಂಬ ಅನ್ನ ಉಂಡರೆ ನೀರು ವಾಪಸ್ ಬರುತ್ತದೆ. ಬೆವರು ಸುರಿಸಲು ಹೊಟ್ಟೆಗೆ ಸುತ್ತಿಕೊಳ್ಳುವ ಬೆಲ್ಟಿನ ಕಥೆಯೂ ಇಷ್ಟೇ.

ಅದಾದ ಮೇಲೂ ಉಪವಾಸ ಮುಂದುವರಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ತೋಳು ತೊಡೆಯ ಕಸುವು ಹೋಗುತ್ತದೆ. ಬೇಗ ಬೇಗ ಇಳಿಸುವವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು.

ಕೂದಲ ವಿಷಯವನ್ನು ನಾನು ಅಕ್ಕನಿಗೆ ಬೇರೆಯಾಗಿಯೇ ಹೇಳಿದೆ, ಯಾಕೆಂದರೆ ನಮ್ಮ ಸಂಬಂಧದಲ್ಲೇ ಇದನ್ನು ನೋಡಿದ್ದೆವು. ಒಬ್ಬ ಹುಡುಗಿ ತನ್ನ ಮದುವೆಗೆ ಮುಂಚೆ ಹಣ್ಣು ಮಜ್ಜಿಗೆಯಲ್ಲೇ ದಿನ ತಳ್ಳಿ ಆರು ಕೆಜಿ ಇಳಿದಿದ್ದಳು. ಧಾರೆ ಹೊತ್ತಿಗೆ ತಲೆ ಸುತ್ತಿ ಕುರ್ಚಿ ತರಿಸಬೇಕಾಯಿತು. ಅದನ್ನು ಎಲ್ಲರೂ ಮರೆತರು. ಎರಡು ತಿಂಗಳಾದ ಮೇಲೆ ಬಾಚಣಿಗೆ ತುಂಬ ಕೂದಲು ಬರತೊಡಗಿದಾಗ ಗಂಡನ ಮನೆಯ ನೀರು ಒಗ್ಗಲಿಲ್ಲ ಅಂದರು. ನೀರಿನದ್ದಲ್ಲ. ಮೈಗೆ ಊಟದ ಹೊಡೆತ ಬಿದ್ದಾಗ ಕೂದಲು ಕೂಡಲೇ ಉದುರುವುದಿಲ್ಲ. ಬೆಳವಣಿಗೆ ನಿಲ್ಲಿಸಿ ಸುಮ್ಮನಿದ್ದು, ಎರಡು ಮೂರು ತಿಂಗಳು ಕಳೆದು ಒಟ್ಟಿಗೆ ಉದುರುತ್ತದೆ. ಎಂಟು ವಾರ ಮುಂಚೆ ಕಠಿಣ ಉಪವಾಸ ಶುರುಮಾಡಿದರೆ ಕೂದಲುದುರುವ ಕಾಲ ಸರಿಯಾಗಿ ಮದುವೆಯ ಹೊತ್ತಿಗೆ ಬರುತ್ತದೆ. ಜಡೆ ಮೊಗ್ಗಿನ ಆಸೆ ಇದ್ದ ಅಕ್ಕನಿಗೆ ಉಳಿದೆಲ್ಲ ಲೆಕ್ಕಕ್ಕಿಂತ ಈ ಒಂದು ಮಾತು ನಾಟಿತು.

ಆಮೇಲೆ ಅವಳ ದಿನದ ಊಟ ಬರೆದೆವು. ನೋಡುವುದಕ್ಕೆ ಅವಳು ಜಾಸ್ತಿ ತಿನ್ನುವವಳೇ ಅಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಾಳೆ. "ಇಡೀ ದಿನ ದುಡಿದೂ ನಂಗ್ಯಾಕೆ ಹಿಂಗೆ?" ಅನ್ನುವುದು ಅವಳ ಹಳೆಯ ಪ್ರಶ್ನೆ. ಅದಕ್ಕೆ ಉತ್ತರ ಇದೆ. ದಿನವೂ ಮಾಡುವ ದುಡಿಮೆ ಆ ಎರಡು ಸಾವಿರದೊಳಗೆ ಆಗಲೇ ಸೇರಿಹೋಗಿದೆ. ಆ ದುಡಿಮೆ ಇದ್ದೂ ತೂಕ ಇಳಿಯದೆ ನಿಂತಿದೆ ಅಂದರೆ ಒಳಗೆ ಹೋಗುವುದು ಅದಕ್ಕೆ ಸರಿಸಮ ಇದೆ ಅಂತ. ಹೊಸದಾಗಿ ಏನಾದರೂ ಬದಲಾಗದೆ ತಕ್ಕಡಿ ಅಲ್ಲಾಡುವುದಿಲ್ಲ.

ಬದಲಾಯಿಸಲು ಸಿಕ್ಕಿದ್ದು ನಾಲ್ಕು ಜಾಗ.

ಮೊದಲನೆಯದು ಟೀ, ಕಾಫಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಒಟ್ಟು ನಲವತ್ತು ಗ್ರಾಂ, 160 ಕ್ಯಾಲರಿ. ಅದನ್ನು ಎರಡು ಲೋಟ, ಒಂದೊಂದು ಚಮಚಕ್ಕೆ ಇಳಿಸಿದರೆ ದಿನಕ್ಕೆ 120 ಉಳಿಯುತ್ತದೆ. ಬೆಲ್ಲ ಹಾಕಿದರೆ ಪರವಾಗಿಲ್ಲವಾ ಅಂತ ಅಮ್ಮ ಕೇಳಿದರು. ತೂಕದ ಲೆಕ್ಕಕ್ಕೆ ಬೆಲ್ಲವೂ ಸಕ್ಕರೆಯೂ ಹೆಚ್ಚುಕಡಿಮೆ ಒಂದೇ.

ಎರಡನೆಯದು ಮುದ್ದೆ ಆದ ಮೇಲೆ ಉಣ್ಣುವ ಅನ್ನ. ನಮ್ಮ ಕಡೆ ಮುದ್ದೆ ಮುಗಿಸಿ ಒಂದು ಹಿಡಿ ಅನ್ನ ಉಣ್ಣದಿದ್ದರೆ ಊಟ ಆದಂತಲ್ಲ. ಅಕ್ಕನ ಆ "ಒಂದು ಹಿಡಿ"ಯನ್ನು ಒಂದು ದಿನ ತೂಗಿ ನೋಡಿದೆವು. 150 ಗ್ರಾಂ ಇತ್ತು, ಅಂದರೆ 190 ಕ್ಯಾಲರಿಗಿಂತ ಹೆಚ್ಚು. ಮಧ್ಯಾಹ್ನ ಮುದ್ದೆ ಉಂಡರೆ ಅನ್ನ ಬೇಡ, ರಾತ್ರಿ ಅನ್ನ ಉಂಡರೆ ಮುದ್ದೆ ಬೇಡ ಅಂತ ಮಾಡಿಕೊಂಡಳು. ಮುದ್ದೆ ಬಿಟ್ಟು ಚಪಾತಿ ತಿನ್ನಬೇಕು ಅಂತ ಯಾರೋ ಹೇಳಿದ್ದರು. ಅದರ ಅಗತ್ಯ ಏನೂ ಇರಲಿಲ್ಲ. ಬರೀ ಮುದ್ದೆಯಿಂದ ಯಾರೂ ದಪ್ಪ ಆಗುವುದಿಲ್ಲ, ಮುದ್ದೆಯ ಮೇಲೆ ಅನ್ನ, ಅನ್ನದ ಮೇಲೆ ಹಪ್ಪಳ ಬಿದ್ದಾಗ ಕಥೆ ಬೇರೆ.

ಮೂರನೆಯದು ಎಣ್ಣೆ. ಇದನ್ನು ಚಮಚದಲ್ಲಿ ಅಳೆಯಲು ಹೋಗಬೇಡಿ, ಯಾರಿಂದಲೂ ಆಗುವುದಿಲ್ಲ. ತಿಂಗಳಿಗೆ ಎಷ್ಟು ಪ್ಯಾಕೆಟ್ ಅಂತ ನೋಡಿ. ಅಕ್ಕನ ಮನೆಯಲ್ಲಿ ನಾಲ್ಕು ಜನಕ್ಕೆ ಐದು ಲೀಟರ್. ಒಬ್ಬೊಬ್ಬರ ಹೊಟ್ಟೆಗೆ ದಿನಕ್ಕೆ 345 ಕ್ಯಾಲರಿ ಎಣ್ಣೆಯಿಂದಲೇ. ಅದನ್ನು ಮೂರೂವರೆ ಲೀಟರಿಗೆ ಇಳಿಸಿದರೆ ಪ್ರತಿಯೊಬ್ಬರಿಗೂ ನೂರು ಕಡಿಮೆಯಾಗುತ್ತದೆ. ಅವಳು ಮಾಡಿದ್ದು ಇಷ್ಟೇ: ಸಂಜೆಯ ಬೋಂಡ, ಮೆಣಸಿನಕಾಯಿ ಬಜ್ಜಿ ವಾರಕ್ಕೆ ಒಂದೇ ಸಲ ಅಂತ ಮಾಡಿದಳು, ಉಳಿದ ದಿನ ಹುರಿಗಡಲೆ, ಬೇಯಿಸಿದ ಕಡಲೆಕಾಯಿ ಒಂದು ಹಿಡಿ. ಕಡಲೆಕಾಯಿಯಲ್ಲೂ ಎಣ್ಣೆ ಇದೆ, ಅದಕ್ಕೇ ಹಿಡಿಯ ಲೆಕ್ಕ. ಒಗ್ಗರಣೆಗೆ ಬಾಟಲಿಯಿಂದ ನೇರ ಸುರಿಯುವ ಬದಲು ಸೌಟಿನಲ್ಲಿ ಹಾಕತೊಡಗಿದಳು. ಭಾವನಿಗೆ ಮೊದಲ ವಾರ ಮುಖ ಸಪ್ಪಗಿತ್ತು, ಆಮೇಲೆ ಕೇಳಲಿಲ್ಲ.

ನಾಲ್ಕನೆಯದು ನಡಿಗೆ. ಡೇರಿಗೆ ಹಾಲು ಹಾಕಿದ ಮೇಲೆ ಕ್ಯಾನ್ ನನ್ನ ಕೈಗೆ ಕೊಟ್ಟು, ಕೆರೆ ಏರಿಯ ಮೇಲೆ ನಲವತ್ತು ನಿಮಿಷ. ಮಾತಾಡಬಹುದು, ಹಾಡು ಹೇಳಲು ಉಸಿರು ಸಾಲಬಾರದು, ಅಷ್ಟು ವೇಗ. ಅಷ್ಟಕ್ಕೆ ಸುಮಾರು 130 ಕ್ಯಾಲರಿ. ಮಾರ್ಚ್ ಬಿಸಿಲು ಎಂಟು ಗಂಟೆಗೇ ಸುಡುತ್ತದೆ, ಆದ್ದರಿಂದ ಅದರೊಳಗೆ ಮುಗಿಸುತ್ತಿದ್ದೆವು. ವಾರಕ್ಕೆ ಮೂರು ದಿನ ಮನೆ ಜಗಲಿಯ ಮೇಲೆ ಕೂತು ಏಳುವುದು, ಕೈ ಊರದೆ, ಹನ್ನೆರಡು ಸಲದಂತೆ ಮೂರು ಸುತ್ತು. ಇದರಿಂದ ಕರಗುವುದು ಕಡಿಮೆ. ತೊಡೆಯ ಮಾಂಸಖಂಡ ಉಳಿಯಲಿ ಅಂತ ಮಾಡಿದ್ದು.

ನಾಲ್ಕೂ ಸೇರಿ 540. ಅದರಲ್ಲಿ ಸ್ವಲ್ಪ ವಾಪಸ್ ಕೊಟ್ಟೆವು. ಬೆಳಗಿನ ತಿಂಡಿಗೆ ಒಂದು ಬೇಯಿಸಿದ ಮೊಟ್ಟೆ ಸೇರಿಸಿದೆವು, ಸಾರಿನಲ್ಲಿ ತಿಳಿಯ ಬದಲು ಕಾಳು ಹೆಚ್ಚು ಬಡಿಸಿಕೊಂಡಳು. ಹುರುಳಿ, ಹೆಸರು, ಅಲಸಂದೆ, ಯಾವ ಕಾಳಾದರೂ ಸರಿ. ಕಾಳು, ಮೊಟ್ಟೆ, ಮೊಸರು ಇದ್ದರೆ ಹೊಟ್ಟೆ ಬೇಗ ಹಸಿಯುವುದಿಲ್ಲ, ಇಳಿಯುವುದು ಕೊಬ್ಬೇ ಆಗುತ್ತದೆ. ನಮ್ಮ ಹೆಂಗಸರ ತಟ್ಟೆಯಲ್ಲಿ ಕಡಿಮೆ ಬೀಳುವುದೂ ಅದೇ. ಕೊನೆಗೆ ಕೂತವರಿಗೆ ಪಾತ್ರೆಯಲ್ಲಿ ಉಳಿದಿರುವುದು ತಿಳಿ ಸಾರು ತಾನೆ. ಅದೆಲ್ಲ ಕಳೆದು ದಿನಕ್ಕೆ ಸುಮಾರು 450 ಕಡಿಮೆ, ವಾರಕ್ಕೆ ನಾನೂರು ಗ್ರಾಂ ಕೊಬ್ಬು. ಇದರಲ್ಲಿ ಹಸಿದು ಮಲಗಿದ ರಾತ್ರಿ ಒಂದೂ ಇರಲಿಲ್ಲ.

ತೂಗುವುದಕ್ಕೆ ನ್ಯಾಯಬೆಲೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಗೊತ್ತುಮಾಡಿಕೊಂಡೆವು. ಅಕ್ಕಿ ಮೂಟೆ ತೂಗುವ ಜಾಗದಲ್ಲಿ ನಿಲ್ಲಲು ಅಕ್ಕನಿಗೆ ನಾಚಿಕೆ. ಅಂಗಡಿಯವರು ನಮಗೆ ಮಾವನ ವರಸೆ, ಬೆಳಿಗ್ಗೆ ಬೇಗ ಬಾಗಿಲು ತೆಗೆದಿಟ್ಟು ಆ ಕಡೆ ತಿರುಗಿ ನಿಲ್ಲುತ್ತಿದ್ದರು. ಪ್ರತಿ ಸೋಮವಾರ, ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ, ಅದೇ ತಕ್ಕಡಿ, ಅದೇ ಥರದ ಹಗುರ ಬಟ್ಟೆ. ದಿನ ದಿನ ತೂಗಲಿಲ್ಲ. ಹಿಂದಿನ ರಾತ್ರಿ ಉಪ್ಪಿನಕಾಯಿ ಜಾಸ್ತಿ ತಿಂದಿದ್ದರೂ ಮರುದಿನ ಅರ್ಧ ಕೆಜಿ ಹೆಚ್ಚು ತೋರಿಸುತ್ತದೆ, ಅದನ್ನು ನೋಡಿ ತಲೆ ಕೆಡಿಸಿಕೊಳ್ಳುವುದು ಯಾಕೆ. ತಕ್ಕಡಿಯ ಜೊತೆಗೆ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ, ಉಸಿರು ಬಿಟ್ಟು, ಟೇಪು ಬಿಗಿಯದೆ.

ಮೊದಲ ದಿನ 72.4 ಕೆಜಿ, ಸೊಂಟ 38 ಇಂಚು. ಒಂದು ವಾರಕ್ಕೆ 71.1. ಅಕ್ಕ ಕುಣಿದಳು. ಅದರಲ್ಲಿ ಮುಕ್ಕಾಲು ಪಾಲು ನೀರು ಅಂತ ನಾನು ಅವತ್ತೇ ಹೇಳಿದೆ, ಯಾಕೆಂದರೆ ಮುಂದಿನ ವಾರ ಅಷ್ಟೇ ಇಳಿಯದಿದ್ದಾಗ ಅವಳು ಕೈಬಿಡಬಾರದು. ಎರಡನೇ ವಾರದ ಕೊನೆಗೆ 70.6, ಮೂರನೆಯದಕ್ಕೆ 70.3.

ನಾಲ್ಕನೇ ವಾರದ ಕೊನೆಗೆ ಯುಗಾದಿ. ಒಬ್ಬಟ್ಟನ್ನು ಬಿಡು ಅಂತ ನಾನು ಹೇಳಲಿಲ್ಲ, ಅವಳು ಬಿಡಲೂ ಇಲ್ಲ. ಮೂರು ತಿಂದಳು, ತುಪ್ಪ ಹಾಕಿಕೊಂಡೇ. ಮರುದಿನ ಸೋಮವಾರ ತಕ್ಕಡಿ 71.2 ತೋರಿಸಿತು. ಒಂದೇ ವಾರಕ್ಕೆ ಒಂಬೈನೂರು ಗ್ರಾಂ ಹೆಚ್ಚು! ಅಕ್ಕ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು, "ನಾಳೆಯಿಂದ ಬರೀ ಮಜ್ಜಿಗೆ ಕಣೇ," ಅಂದಳು.

ಎಂಟು ವಾರದಲ್ಲಿ ಕೆಲಸ ಕೆಡುವುದು ಇಂಥ ದಿನವೇ. ಹಾಗಾಗಿ ಇದರ ಲೆಕ್ಕವನ್ನೂ ಹಾಕಿದೆವು. ಒಂಬೈನೂರು ಗ್ರಾಂ ಕೊಬ್ಬು ಬೆಳೆಯಬೇಕಾದರೆ ಅವಳು ಮೈಗೆ ಬೇಕಾದ್ದಕ್ಕಿಂತ ಸುಮಾರು ಏಳು ಸಾವಿರ ಕ್ಯಾಲರಿ ಹೆಚ್ಚು ತಿಂದಿರಬೇಕು. ಅಷ್ಟಕ್ಕೆ ಒಬ್ಬಟ್ಟು ಮೂರಲ್ಲ, ಇಪ್ಪತ್ತಕ್ಕೂ ಮೇಲೆ ಬೇಕಾಗುತ್ತಿತ್ತು. ಹಾಗಾದರೆ ಏರಿದ್ದು ಏನು? ಸಿಹಿ ಊಟದ ದಾಸ್ತಾನಿನ ಜೊತೆ ಬಂದ ನೀರು, ಹಬ್ಬದ ಅಡಿಗೆಯ ಉಪ್ಪು ಹಿಡಿದಿಟ್ಟ ನೀರು, ಇನ್ನೂ ಹೊಟ್ಟೆಯಲ್ಲೇ ಇದ್ದ ಊಟ. ಅದರ ಮೇಲೆ ಅವಳಿಗೆ ಮುಟ್ಟಿನ ದಿನ ಹತ್ತಿರ ಬಂದಿತ್ತು. ಮುಟ್ಟಿಗೆ ಮುಂಚಿನ ಕೆಲವು ದಿನ ಬಹಳ ಹೆಂಗಸರ ಮೈಯಲ್ಲಿ ನೀರು ನಿಲ್ಲುತ್ತದೆ. ಟೇಪು ಹಿಡಿದರೆ ಸೊಂಟ 37 ಇಂಚು, ಶುರುವಿನಿಂದ ಒಂದು ಇಂಚು ಕಡಿಮೆ. ಟೇಪು ನೋಡಿದ ಮೇಲೆ ಮಜ್ಜಿಗೆಯ ಮಾತು ನಿಂತಿತು. ಅವತ್ತು ಹೊಸತೊಡಕಿನ ಮಟನ್ ಸಾರನ್ನೂ ಉಂಡಳು, ಮುದ್ದೆ ಜೊತೆ, ಅನ್ನ ಇಲ್ಲದೆ. ಮುಂದಿನ ಸೋಮವಾರ 69.9.

ನಿಮ್ಮಲ್ಲಿ ಯಾರಾದರೂ ಶುರುಮಾಡಿದ್ದರೆ ಇದೊಂದನ್ನು ನೆನಪಿಡಿ. ಒಂದು ಸೋಮವಾರವನ್ನು ಅದರ ಹಿಂದಿನ ಸೋಮವಾರಕ್ಕೆ ಹೋಲಿಸಬೇಡಿ. ಹೆಂಗಸರು ನಾಲ್ಕು ವಾರದ ಹಿಂದಿನದ್ದಕ್ಕೆ ಹೋಲಿಸಿದರೆ ಮುಟ್ಟಿನ ಏರಿಳಿತ ಕಳೆದುಹೋಗುತ್ತದೆ. ಮೂರು ವಾರ ಆದರೂ ತಕ್ಕಡಿ, ಟೇಪು ಎರಡೂ ಅಲ್ಲಾಡದಿದ್ದರೆ ಆಗ ಊಟವನ್ನು ಮತ್ತೆ ಬರೆದು ನೋಡಬೇಕು. ಸಾಮಾನ್ಯವಾಗಿ ಬಡಿಸುವಾಗ, ಮಕ್ಕಳ ತಟ್ಟೆ ಎತ್ತುವಾಗ ಬಾಯಿಗೆ ಹೋದದ್ದು ಆ ಲೆಕ್ಕದಲ್ಲಿ ಬಿಟ್ಟುಹೋಗಿರುತ್ತದೆ.

ಅಮ್ಮನ ಕಥೆ ಬೇರೆ. ಅವರಿಗೆ ಐದಾರು ವರ್ಷದಿಂದ ಸಕ್ಕರೆ ಕಾಯಿಲೆ, ಎರಡು ಹೊತ್ತು ಮಾತ್ರೆ. ಅಕ್ಕನನ್ನು ನೋಡಿ ಅವರೂ, "ನಾನೂ ರಾತ್ರಿ ಊಟ ಬಿಡ್ತೀನಿ," ಅಂದರು. ಉಪಕೇಂದ್ರದ ಸಿಸ್ಟರ್ ಬಿಡಲಿಲ್ಲ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ನೀವು ಉಂಡಿದ್ದೀರೋ ಇಲ್ಲವೋ ನೋಡುವುದಿಲ್ಲ, ರಕ್ತದ ಸಕ್ಕರೆ ಇಳಿಸುತ್ತಲೇ ಇರುತ್ತವೆ. ಇನ್ಸುಲಿನ್ ಕೂಡ ಹಾಗೆಯೇ. ಮಾತ್ರೆ ನುಂಗಿ ಊಟ ಬಿಟ್ಟರೆ ರಾತ್ರಿ ತಣ್ಣನೆ ಬೆವರು, ಕೈನಡುಕ, ಎದೆ ಡವಗುಟ್ಟುವುದು, ಮಾತು ತೊದಲುವುದು ಆಗಬಹುದು. ಹಾಗಾದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅಮ್ಮ ಊಟ ಬಿಡಲಿಲ್ಲ, ಡಾಕ್ಟರನ್ನು ಕೇಳಿ ಕಾಫಿಯ ಸಕ್ಕರೆ ಮಾತ್ರ ಬಿಟ್ಟರು. ಸಕ್ಕರೆ, ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಬಸುರಿಯರಿಗೆ, ಹಾಲು ಕುಡಿಸುವ ತಾಯಂದಿರಿಗೆ ಈ ಎಂಟು ವಾರದ ಲೆಕ್ಕವೇ ಬೇಡ.

ಇನ್ನು ಟೈಲರ್ ವಿಷಯ. ನಿಜ ಹೇಳಬೇಕೆಂದರೆ ಈ ಇಡೀ ಯೋಜನೆಯ ಅರ್ಧ ಟೈಲರ್ ಕೈಯಲ್ಲಿ ಇರುತ್ತದೆ. ಮದುವೆ ಕಾಲದಲ್ಲಿ ಕೊನೆಗಳಿಗೆಯಲ್ಲಿ ಹೋದರೆ ಯಾರೂ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಎಂಟು ವಾರ ಮುಂಚೆಯೇ ಅಳತೆ ಕೊಟ್ಟರೆ ಮದುವೆ ದಿನ ಬ್ಲೌಸು ಜೋಲುತ್ತದೆ. ಹತ್ತು ಕೆಜಿ ಇಳಿಯುತ್ತೀನಿ ಅಂತ ನಂಬಿ ಸಣ್ಣ ಅಳತೆಗೆ ಹೊಲಿಸುವುದು ಇನ್ನೂ ಕಷ್ಟ, ಹುಕ್ಕು ಕೂರದಿದ್ದರೆ ಮುಹೂರ್ತದ ಹೊತ್ತಿಗೆ ಮಾಡುವುದೇನು? ನಮ್ಮೂರ ಟೈಲರ್ ಹೆಂಗಸು ಒಂದು ದಾರಿ ತೋರಿಸಿದರು. "ನೋಡಮ್ಮ, ಬಟ್ಟೆ ಈಗಲೇ ಕೊಟ್ಟು ಹೆಸರು ಬರೆಸು. ತೋಳಿನ ಕಸೂತಿ ಕೆಲಸ ಮೊದಲು ಮುಗಿಸಿರ್ತೀನಿ. ಅಳತೆ ಆರನೇ ವಾರ ಆದ್ಮೇಲೆ ತಗೊಳ್ಳಾನ," ಅಂದರು. ಆರು ವಾರ ಮುಗಿದಾಗ ಅಕ್ಕ 69.4ಕ್ಕೆ ಬಂದಿದ್ದಳು. ಇನ್ನುಳಿದ ಎರಡು ವಾರದಲ್ಲಿ ಬಹಳ ಅಂದರೆ ಅರ್ಧ ಕೆಜಿ ಚಿಲ್ಲರೆ ಇಳಿಯಬಹುದು, ಅದು ಬ್ಲೌಸಿಗೆ ಗೊತ್ತಾಗುವುದಿಲ್ಲ. ಎರಡೂ ಪಕ್ಕದಲ್ಲಿ ಒಂದೊಂದು ಇಂಚು ಬಟ್ಟೆ ಒಳಗೆ ಬಿಟ್ಟು ಹೊಲಿದರು. ಏಳನೇ ವಾರ ಹಾಕಿ ನೋಡಿ, ಒಂದು ಕಡೆ ಹೊಲಿಗೆ ಸರಿಸಿದರು, ಮುಗಿಯಿತು.

ತೋಳಿನ ಬಗ್ಗೆ ಅಕ್ಕನಿಗೆ ಸಮಾಧಾನ ಆಗಲಿಲ್ಲ. ಸೊಂಟ ಇಳಿದ ಹಾಗೆ ತೋಳು ಇಳಿದಿರಲಿಲ್ಲ. ಕೈ ತಿರುಗಿಸುವ ವ್ಯಾಯಾಮ ಮಾಡಿದರೆ ತೋಳಿನ ಕೊಬ್ಬೇ ಕರಗುತ್ತದೆ ಅಂತ ಅವಳು ನಂಬಿದ್ದಳು. ಹಾಗೆ ಆಗುವುದಿಲ್ಲ. ಕೊಬ್ಬು ಎಲ್ಲಿಂದ ಮೊದಲು ಕರಗಬೇಕು ಅನ್ನುವುದನ್ನು ಮೈ ತಾನೇ ನಿರ್ಧರಿಸುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಥರ. ಅದಕ್ಕೆ ಟೈಲರ್ ತೋಳನ್ನು ಮೊಣಕೈವರೆಗೆ ಉದ್ದ ಇಟ್ಟರು, ತೋಳಿನ ಚಿಂತೆ ಅಲ್ಲಿಗೆ ಮುಗಿಯಿತು.

ಕೊನೆಯ ವಾರ ಏನೂ ಮಾಡಲಿಲ್ಲ. ಚಪ್ಪರ, ಅರಿಶಿನ, ನೆಂಟರಿಗೆ ಅಡಿಗೆ, ನಿದ್ದೆ ಇಲ್ಲ. ಆ ವಾರ ಇನ್ನೊಂದು ಕೆಜಿ ಇಳಿಸುತ್ತೇನೆ ಅಂತ ಊಟ ಬಿಟ್ಟವರೇ ಮುಹೂರ್ತದಲ್ಲಿ ತಲೆ ಸುತ್ತಿ ಬೀಳುವುದು, ಅದೂ ಏಪ್ರಿಲ್ ಸೆಕೆಯಲ್ಲಿ. ಅಕ್ಕನಿಗೆ ನಾನು ಹೇಳಿದ್ದು ಎರಡೇ: ತಿಂಡಿ ಬಿಡಬೇಡ, ನೀರು ಮಜ್ಜಿಗೆ ಕುಡಿಯುತ್ತಿರು. ನಡಿಗೆ ಎರಡೇ ದಿನ ಆಯಿತು. ಚಪ್ಪರದ ದಿನ ಬೆಳಿಗ್ಗೆ ತೂಗಿದಾಗ 68.8 ಕೆಜಿ, ಸೊಂಟ ಮೂವತ್ತಾರೂವರೆ. ಒಟ್ಟು 3.6 ಕೆಜಿ. ಮೊದಲ ವಾರದ ನೀರು ತೆಗೆದರೆ ಮೂರು ಕೆಜಿಯ ಹತ್ತಿರ ಕೊಬ್ಬು ಹೋಗಿರಬೇಕು.

ನೋಡಿದವರೆಲ್ಲ "ಎಷ್ಟು ಸಣ್ಣಗಾಗಿದೀಯ" ಅಂದರು ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಇಬ್ಬರೋ ಮೂವರೋ ಅಂದರು. ಚಿಕ್ಕಮ್ಮನಾ ಅಂತ ಕೇಳಿದ್ದ ಹೆಂಗಸು ಬಂದಿದ್ದರು, ಏನೂ ಅನ್ನಲಿಲ್ಲ. ಅಕ್ಕ ಧಾರೆಯಲ್ಲಿ ತಮ್ಮನ ಪಕ್ಕದಲ್ಲೇ ನಿಂತಿದ್ದಳು, ಕಳಸ ಹಿಡಿದು, ಬೆಳಿಗ್ಗೆ ಐದರಿಂದ ಮಧ್ಯಾಹ್ನ ಎರಡರವರೆಗೆ ಒಮ್ಮೆಯೂ ಕೂರದೆ.

ಮದುವೆ ಆಗಿ ಮೂರನೇ ದಿನ ತಕ್ಕಡಿ 70.1 ತೋರಿಸಿತು. ಬೀಗರ ಊಟ, ಲಾಡು, ಚಿರೋಟಿ, ಮೂರು ರಾತ್ರಿಯ ನಿದ್ದೆಗೇಡು. ಈ ಸಲ ಅಕ್ಕ ಗಾಬರಿಯಾಗಲಿಲ್ಲ. ಮುದ್ದೆಯ ಮೇಲೆ ಅನ್ನ ಬಿಡುವುದು, ಎಣ್ಣೆ ಮೂರೂವರೆ ಲೀಟರ್, ಬೆಳಗಿನ ಮೊಟ್ಟೆ, ಇಷ್ಟನ್ನು ಹಾಗೇ ಮುಂದುವರಿಸಿದಳು. ಹತ್ತು ದಿನ ಕಳೆದು ತೂಗಿದರೆ 69 ಕೆಜಿ. ಕಾಫಿಗೆ ಮಾತ್ರ ಎರಡನೇ ಚಮಚ ಸಕ್ಕರೆ ವಾಪಸ್ ಬಂದಿದೆ.